ಲೈಕೆನ್ ಪ್ಲಾನೋಪೈಲಾರಿಸ್: ಅಮ್ಮನ ನವೆ ಕಡಿಮೆಯಾಗಿದೆ, ಕೂದಲು ಮಾತ್ರ ಬಂದಿಲ್ಲ. ಮಾತ್ರೆ ನಿಲ್ಲಿಸಬಹುದಾ?

ಸುಮಾ ಹಾಸನ

ಎಲ್ಲರಿಗೂ ನಮಸ್ಕಾರ. ವಿಷಯ ನಮ್ಮ ಅಮ್ಮಂದು. ವಯಸ್ಸು 57, ತೂಕ 54 ಕೆಜಿ. ಸಕ್ಕರೆ ಕಾಯಿಲೆ ಇದೆ, ಅದಕ್ಕೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ.

ಎರಡು ವರ್ಷದಿಂದ ನೆತ್ತಿಯಲ್ಲಿ ನವೆ, ಉರಿ. ಬಿಸಿಲಿಗೆ ಹೋದರೆ ಉರಿ ಜಾಸ್ತಿ, ಬಾಚಣಿಗೆ ತಾಗಿದರೂ ನೋವು. ಮನೆಯಲ್ಲಿ ಎಲ್ಲರೂ ತಲೆಹೊಟ್ಟು ಅಂದುಕೊಂಡೆವು, ಬಿಳಿ ಪುಡಿ ಉದುರುತ್ತಿತ್ತಲ್ಲ. ಆಮೇಲೆ ಬೈತಲೆಯ ಪಕ್ಕದಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗ ಬೋಳಾಗಿ ನುಣ್ಣಗೆ ಹೊಳೆಯಲು ಶುರುವಾಯಿತು. ಸ್ಕಿನ್ ಡಾಕ್ಟರ್ ಲೆನ್ಸ್ ಹಾಕಿ ನೋಡಿದರು, ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಲೈಕೆನ್ ಪ್ಲಾನೋಪೈಲಾರಿಸ್ ಅಂತ ಬಂತು.

ಈಗ ಸುಮಾರು ಐದು ತಿಂಗಳಿಂದ ರಾತ್ರಿ ಕ್ಲೋಬೆಟಸಾಲ್ ಲೋಷನ್ ಹಚ್ಚುತ್ತಿದ್ದಾರೆ, ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ 200 ಮಿ.ಗ್ರಾಂ ಮಾತ್ರೆ. ಸೋಮವಾರದಿಂದ ಶುಕ್ರವಾರ ದಿನಕ್ಕೆ ಒಂದು, ಶನಿವಾರ ಭಾನುವಾರ ಎರಡೆರಡು. ಯಾಕೆ ಹೀಗೆ ವಿಚಿತ್ರವಾಗಿ ಬರೆದರೋ ಗೊತ್ತಿಲ್ಲ, ಕೇಳಲು ಮರೆತೆವು.

ನವೆ ಮುಕ್ಕಾಲು ಪಾಲು ಹೋಗಿದೆ. ಅಮ್ಮ ರಾತ್ರಿ ನಿದ್ದೆ ಮಾಡುತ್ತಿದ್ದಾರೆ. ಆದರೆ ಆ ಬೋಳು ಜಾಗದಲ್ಲಿ ಒಂದು ಕೂದಲೂ ಬಂದಿಲ್ಲ. ದೊಡ್ಡಮ್ಮ ಬಂದವರು "ಐದು ತಿಂಗಳಾದರೂ ಕೂದಲು ಬರಲಿಲ್ಲ ಅಂದರೆ ಔಷಧಿ ಹಿಡಿದಿಲ್ಲ, ಕಣ್ಣಿಗೆ ತೊಂದರೆ ಮಾಡುವ ಮಾತ್ರೆ ಯಾಕೆ ನುಂಗುತ್ತೀಯ, ನಿಲ್ಲಿಸು" ಅಂತ ಹೇಳಿ ಹೋಗಿದ್ದಾರೆ. ಅಮ್ಮನಿಗೂ ಈಗ ಅದೇ ಮನಸ್ಸು. ನಿಲ್ಲಿಸಬಹುದಾ? ಔಷಧಿ ಹಿಡಿದಿದೆಯೋ ಇಲ್ಲವೋ ಅಂತ ಮನೆಯಲ್ಲಿ ತಿಳಿಯುವುದು ಹೇಗೆ?

ರವಿ ಗೌಡ ಮಂಡ್ಯ

ನನ್ನ ತಮ್ಮನಿಗೂ ಹೀಗೇ ಆಗಿತ್ತು ಅಕ್ಕ. ತಲೆಯಲ್ಲಿ ದುಂಡಗೆ ಬೋಳಾಗಿ ನುಣ್ಣಗಾಗಿತ್ತು. ಡಾಕ್ಟರ್ ಆ ಜಾಗಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು, ಕೆಲವು ತಿಂಗಳಲ್ಲಿ ಪೂರ್ತಿ ಕೂದಲು ಬಂತು. ನಿಮ್ಮ ಅಮ್ಮನಿಗೆ ಬರೀ ಲೋಷನ್ ಕೊಟ್ಟಿದ್ದಾರೆ, ಅದಕ್ಕೇ ಬಂದಿಲ್ಲ. ಡಾಕ್ಟರ್ ಬದಲಾಯಿಸಿ.

ಚರ್ಮವೈದ್ಯೆ ಮಲೆನಾಡು

ರವಿ ಅವರೇ, ನಿಮ್ಮ ತಮ್ಮನಿಗೆ ತಲೆಯಲ್ಲಿ ಉರಿ, ಹೊಟ್ಟು, ಮುಟ್ಟಿದರೆ ನೋವು ಏನಾದರೂ ಇತ್ತಾ? ಇರಲಿಕ್ಕಿಲ್ಲ ಅನ್ನಿಸುತ್ತದೆ. ನೀವು ಹೇಳುವುದು ಅಲೋಪೀಶಿಯಾ ಏರಿಯೇಟಾ ಥರ ಕೇಳಿಸುತ್ತದೆ. ಅಲ್ಲಿ ಕೂದಲು ಉದುರಿದರೂ ಬುಡ ಚರ್ಮದೊಳಗೆ ಜೀವಂತವಾಗಿರುತ್ತದೆ, ಅದಕ್ಕೇ ಮತ್ತೆ ಬರುತ್ತದೆ. ಸುಮಾ ಅವರ ಅಮ್ಮಂದು ಬೇರೆ ಕಾಯಿಲೆ.

ಸುಮಾ, ದಯವಿಟ್ಟು ಅಮ್ಮನ ಮಾತ್ರೆ ಸುಮ್ನೆ ನಿಲ್ಲಿಸಬೇಡಿ. ಕಾರಣ ಸ್ವಲ್ಪ ಉದ್ದ ಇದೆ, ಓದಿ.

ಈ ಕಾಯಿಲೆಯಲ್ಲಿ ಮೈಯ ರೋಗನಿರೋಧಕ ಕಣಗಳೇ ಕೂದಲ ಬುಡದ ಮೇಲೆ ದಾಳಿ ಮಾಡುತ್ತವೆ. ಬುಡದಲ್ಲಿ ಎಲ್ಲಿ ದಾಳಿ ಆಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಕೂದಲ ಕೊಳವೆಯ ಮೇಲ್ಭಾಗದಲ್ಲಿ, ಎಣ್ಣೆ ಗ್ರಂಥಿ ಸೇರುವ ಜಾಗದ ಕೆಳಗೆ, ಸ್ವಲ್ಪ ಉಬ್ಬಿದ ಒಂದು ಭಾಗ ಇದೆ. ಒಂದು ಕೂದಲು ಉದುರಿದ ಮೇಲೆ ಮುಂದಿನ ಕೂದಲು ಹುಟ್ಟಲು ಬೇಕಾದ ಸ್ಟೆಮ್ ಸೆಲ್‌ಗಳು ಇರುವುದು ಅಲ್ಲೇ. ಅಲೋಪೀಶಿಯಾ ಏರಿಯೇಟಾದಲ್ಲಿ ದಾಳಿ ಕೆಳಗೆ, ಕೂದಲ ಗೆಡ್ಡೆಯ ಸುತ್ತ ಆಗುತ್ತದೆ, ಸ್ಟೆಮ್ ಸೆಲ್‌ಗಳು ಉಳಿಯುತ್ತವೆ. ಇದರಲ್ಲಿ ದಾಳಿ ಮೇಲೆ, ನೇರವಾಗಿ ಆ ಸ್ಟೆಮ್ ಸೆಲ್‌ಗಳ ಸುತ್ತಲೇ ಆಗುತ್ತದೆ. ಅವು ಸತ್ತವು ಅಂದರೆ ಆ ಕೊಳವೆಯ ಜಾಗದಲ್ಲಿ ಗಾಯದ ನಾರು ತುಂಬಿಕೊಳ್ಳುತ್ತದೆ, ರಂಧ್ರ ಮುಚ್ಚಿಹೋಗುತ್ತದೆ. ಅಮ್ಮನ ನೆತ್ತಿಯಲ್ಲಿ ಹೊಳೆಯುವ ಜಾಗ ಅದೇ. ಅಲ್ಲಿ ಕೂದಲು ಬರುವುದಿಲ್ಲ, ಇಂಜೆಕ್ಷನ್‌ನಿಂದಲೂ ಇಲ್ಲ, ಮಾತ್ರೆಯಿಂದಲೂ ಇಲ್ಲ. ಇದನ್ನು ಶುರುವಿನಲ್ಲೇ ಮನೆಯವರಿಗೆ ಬಿಡಿಸಿ ಹೇಳಬೇಕು, ಹೇಳದಿದ್ದರೆ ಐದಾರು ತಿಂಗಳಿಗೆ ಬೇಸರವಾಗಿ ಎಲ್ಲರೂ ಬಿಟ್ಟುಬಿಡುತ್ತಾರೆ. ನನ್ನ ಓಪಿಡಿಯಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಔಷಧಿ ಯಾಕೆ? ಆ ನಾಣ್ಯದ ಸುತ್ತ ಇನ್ನೂ ಬದುಕಿರುವ ಕೂದಲುಗಳಿಗಾಗಿ. ಔಷಧಿ ಹಿಡಿದಿದೆಯಾ ಅಂತ ನೋಡಬೇಕಾದದ್ದು ಬೋಳಿನ ಮಧ್ಯದಲ್ಲಿ ಅಲ್ಲ, ಅಂಚಿನಲ್ಲಿ.

ಸುಮಾ ಹಾಸನ

ಡಾಕ್ಟ್ರೇ ತುಂಬಾ ಧನ್ಯವಾದ. ಓದಿ ಸಂಕಟವಾಯಿತು, ಆದರೆ ಅರ್ಥ ಆಯಿತು. ಅಂಚಿನಲ್ಲಿ ಏನು ನೋಡಬೇಕು ಹೇಳುತ್ತೀರಾ?

ಪದ್ಮಿನಿ ಶಿವಮೊಗ್ಗ

ಸುಮಾ, ನನಗೂ ಇದೇ ಕಾಯಿಲೆ, ಹಲವು ವರ್ಷದಿಂದ. ಡಾಕ್ಟರ್ ಉತ್ತರ ಕೊಡುವ ಮುಂಚೆ ನಾನು ನೋಡುವ ರೀತಿ ಹೇಳುತ್ತೇನೆ.

ತಲೆ ತೊಳೆದು ಎರಡನೇ ದಿನ, ಹಗಲು ಬೆಳಕಿನಲ್ಲಿ, ಕಿಟಕಿ ಹತ್ತಿರ ಕೂರುತ್ತೇನೆ. ಮಗಳು ಮೊಬೈಲ್‌ನಲ್ಲಿ ಹತ್ತಿರದಿಂದ ಫೋಟೊ ತೆಗೆಯುತ್ತಾಳೆ. ಬೈತಲೆ ಪ್ರತಿ ಸಲ ಒಂದೇ ಕಡೆ ತೆಗೆಯಬೇಕು, ಎಣ್ಣೆ ಇರಬಾರದು. ಬೋಳು ಜಾಗದ ಪಕ್ಕ ಟೈಲರ್ ಟೇಪ್ ಇಟ್ಟು ಒಂದು ಫೋಟೊ. ಆಮೇಲೆ ಹುಬ್ಬುಗಳ ನಡುವಿನಿಂದ ಬೋಳಿನ ಮುಂದಿನ ಅಂಚಿಗೆ ಎಷ್ಟು ಸೆಂಟಿಮೀಟರ್, ಕಿವಿಯ ಮೇಲ್ತುದಿಯಿಂದ ಪಕ್ಕದ ಅಂಚಿಗೆ ಎಷ್ಟು, ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇವೆ. ಎರಡು ಮೂರು ತಿಂಗಳಿಗೊಮ್ಮೆ ಸಾಕು, ದಿನಾ ನೋಡಿದರೆ ತಲೆ ಕೆಡುತ್ತದೆ.

ಆ ಅಳತೆ ಹಾಗೇ ಇದ್ದರೆ ನನಗೆ ನೆಮ್ಮದಿ. ಕೂದಲು ಬಂತಾ ಅಂತ ನೋಡುವುದನ್ನು ನಾನು ಬಿಟ್ಟಿದ್ದೇನೆ.

ಕಿರಣ್ ಬೆಂಗಳೂರು

ನನಗನ್ನಿಸುವುದು ಇಷ್ಟೇ: ನವೆ ಹೋದರೆ ಕಾಯಿಲೆ ಹೋದ ಹಾಗೆ. ನವೆ ಬರುವುದೇ ಉರಿಯೂತದಿಂದ ಅಲ್ವಾ? ಸುಮಾ ಅವರ ಅಮ್ಮನಿಗೆ ಮುಕ್ಕಾಲು ಹೋಗಿದೆ ಅಂದರೆ ಕಾಲು ಭಾಗ ಉಳಿದಿದೆ ಅಷ್ಟೇ. ಇನ್ನು ಆ ಬಿಳಿ ಪುಡಿ ಮಾಮೂಲಿ ತಲೆಹೊಟ್ಟೇ ಇರಬಹುದು, ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ ಹಾಕಿ ನೋಡಿ. ನನಗೆ ಅದರಲ್ಲೇ ಸರಿಹೋಯಿತು.

ಚರ್ಮವೈದ್ಯೆ ಮಲೆನಾಡು

ಪದ್ಮಿನಿ ಅವರು ಹೇಳಿದ ಅಳತೆಯ ಪದ್ಧತಿ ಬಹಳ ಚೆನ್ನಾಗಿದೆ. ನಾವು ಕ್ಲಿನಿಕ್‌ನಲ್ಲಿ ಮಾಡುವುದೂ ಹೆಚ್ಚುಕಮ್ಮಿ ಅದನ್ನೇ.

ಕಿರಣ್, ನೀವು ಹೇಳಿದ್ದರಲ್ಲಿ ಅರ್ಧ ಸರಿ. ನವೆ, ಉರಿ, ಮುಟ್ಟಿದರೆ ನೋವು ಇವು ಕಾಯಿಲೆ ಚುರುಕಾಗಿದೆ ಅನ್ನುವ ಗುರುತುಗಳೇ. ಆದರೆ ಕೆಲವರಿಗೆ ನವೆಯೇ ಇಲ್ಲದೆ ಕಾಯಿಲೆ ಒಳಗೊಳಗೇ ಹರಡುತ್ತದೆ. ಸ್ಟೀರಾಯ್ಡ್ ಲೋಷನ್ ನವೆಯನ್ನು ಬೇಗ ತಗ್ಗಿಸುತ್ತದೆ, ಆಳದಲ್ಲಿರುವ ಉರಿಯೂತ ಅಷ್ಟು ಬೇಗ ತಗ್ಗುವುದಿಲ್ಲ. ಹಾಗಾಗಿ ನವೆಯೊಂದನ್ನೇ ನಂಬಿ ಔಷಧಿ ನಿಲ್ಲಿಸಿದರೆ ಮೋಸ ಹೋಗುತ್ತೇವೆ.

ಹೊಟ್ಟಿನ ವಿಷಯವೂ ಹಾಗೇ. ಮಾಮೂಲಿ ತಲೆಹೊಟ್ಟು ತಲೆ ತುಂಬಾ ಹರಡಿಕೊಂಡು ಉದುರುತ್ತದೆ. ಇದರ ಹೊಟ್ಟು ಒಂದೊಂದು ಕೂದಲು ಚರ್ಮದಿಂದ ಹೊರಬರುವ ಕಡೆ ಬುಡವನ್ನು ಸುತ್ತಿಕೊಂಡು ಕೂತಿರುತ್ತದೆ, ಕೂದಲಿಗೆ ಬಿಳಿ ಕೊರಳಪಟ್ಟಿ ಹಾಕಿದ ಹಾಗೆ. ಲೆನ್ಸ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಒಳ್ಳೆಯ ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೂ ಒಮ್ಮೊಮ್ಮೆ ಕಾಣುತ್ತದೆ. ಎರಡೂ ಒಟ್ಟಿಗೆ ಇರಲೂಬಹುದು, ಆಗ ಕೀಟೊಕೊನಜೋಲ್ ಶಾಂಪೂ ಹಾಕುವುದರಲ್ಲಿ ತಪ್ಪಿಲ್ಲ. ಆದರೆ ಅದು ಈ ಕಾಯಿಲೆಯನ್ನು ನಿಲ್ಲಿಸುವುದಿಲ್ಲ.

ಸುಮಾ, ಅಂಚಿನಲ್ಲಿ ನೋಡಬೇಕಾದದ್ದು ಎರಡು. ಒಂದು, ಈಗ ಹೇಳಿದ ಕೊರಳಪಟ್ಟಿ. ಇನ್ನೊಂದು, ಬುಡದ ಸುತ್ತ ಕೆಂಪು. ಪುಸ್ತಕದ ಫೋಟೊಗಳಲ್ಲಿ ಕಡು ಕೆಂಪು ಕಾಣುವುದು ಬಿಳಿ ಚರ್ಮದವರಲ್ಲಿ. ನಮ್ಮ ಚರ್ಮದಲ್ಲಿ ಅದು ನೇರಳೆ ಮಿಶ್ರಿತ ಕಂದು, ಇಲ್ಲವೇ ಬೂದು ನೀಲಿ ಚುಕ್ಕೆಗಳ ಹಾಗೆ ಕಾಣಬಹುದು. ಕೆಂಪು ಕಾಣಲಿಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ. ಹಾಗೇ ಬೂದು ನೀಲಿ ಕಂಡಾಕ್ಷಣ ಹೆದರಬೇಕಾಗಿಯೂ ಇಲ್ಲ, ಹಳೆಯ ಉರಿಯೂತ ಬಿಟ್ಟುಹೋದ ಬಣ್ಣ ಬಹಳ ಕಾಲ ಉಳಿಯುತ್ತದೆ.

ಮತ್ತೊಂದು ಪರೀಕ್ಷೆಯನ್ನು ಡಾಕ್ಟರ್ ಮಾಡುತ್ತಾರೆ, ಮನೆಯಲ್ಲಿ ಬೇಡ. ಅಂಚಿನ ಕೂದಲನ್ನು ಮೆಲ್ಲಗೆ ಎಳೆಯುತ್ತಾರೆ. ಇನ್ನೂ ಬೆಳೆಯುತ್ತಿರಬೇಕಾದ ಕೂದಲು ಸುಲಭವಾಗಿ ಕೈಗೆ ಬಂದರೆ ಅಲ್ಲಿ ಕಾಯಿಲೆ ಇನ್ನೂ ಕೆಲಸ ಮಾಡುತ್ತಿದೆ ಅಂತ ಅರ್ಥ.

ನಾಗರಾಜ್ ಹುಬ್ಬಳ್ಳಿ

ನಮ್ಮ ಮನೆಯವರಿಗೆ ಇದೇ ಮಾತ್ರೆ ದಿನಕ್ಕೆ ಎರಡು ಕೊಟ್ಟಿದ್ದಾರೆ, ಏಳೂ ದಿನ. ನಿಮ್ಮ ಅಮ್ಮನಿಗೆ ವಾರದಲ್ಲಿ ಐದು ದಿನ ಒಂದೇ ಅಂದರೆ ಡೋಸ್ ಸಾಲುತ್ತಿಲ್ಲ ಅನ್ನಿಸುತ್ತದೆ. ಎರಡು ಮಾಡಿಸಿ ನೋಡಿ, ಬೇಗ ಹಿಡಿಯುತ್ತದೆ.

ಚರ್ಮವೈದ್ಯೆ ಮಲೆನಾಡು

ಇಲ್ಲ ನಾಗರಾಜ್ ಅವರೇ, ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಈ ಮಾತ್ರೆಯನ್ನು ತೂಕ ನೋಡಿ ಕೊಡಬೇಕು. ಕಣ್ಣಿನ ಹಿಂಭಾಗದ ಪರದೆ ಹಾಳಾಗದಿರಲು ಒಂದು ಕೆಜಿ ತೂಕಕ್ಕೆ ದಿನಕ್ಕೆ 5 ಮಿ.ಗ್ರಾಂ ದಾಟಬಾರದು. ಸುಮಾ ಅವರ ಅಮ್ಮ 54 ಕೆಜಿ, ಅಂದರೆ ದಿನಕ್ಕೆ 270, ವಾರಕ್ಕೆ 1890 ಮಿ.ಗ್ರಾಂ. ಮಾತ್ರೆ ಇರುವುದು 200ರದ್ದು, ಚೂರು ಮಾಡಿ ನುಂಗುವ ಮಾತ್ರೆ ಅಲ್ಲ. ಅದಕ್ಕೇ ಅವರ ಡಾಕ್ಟರ್ ಐದು ದಿನ ಒಂದೊಂದು, ಎರಡು ದಿನ ಎರಡೆರಡು ಬರೆದಿದ್ದಾರೆ. ವಾರಕ್ಕೆ ಒಂಬತ್ತು ಮಾತ್ರೆ, 1800 ಮಿ.ಗ್ರಾಂ, ಸರಿಯಾಗಿ ಮಿತಿಯ ಒಳಗೆ. ಸುಮಾ, ನಿಮಗೆ ವಿಚಿತ್ರ ಅನ್ನಿಸಿದ ಆ ಚೀಟಿ ಬಹಳ ಕಾಳಜಿಯಿಂದ ಬರೆದ ಚೀಟಿ.

ದಿನಕ್ಕೆ ಎರಡು ಮಾತ್ರೆ 80 ಕೆಜಿ ಅಥವಾ ಅದಕ್ಕಿಂತ ಜಾಸ್ತಿ ತೂಕ ಇರುವವರಿಗೆ ಸರಿ. ನಿಮ್ಮ ಮನೆಯವರ ತೂಕ ಎಷ್ಟು?

ನಾಗರಾಜ್ ಹುಬ್ಬಳ್ಳಿ

62 ಇರಬಹುದು ಮೇಡಂ. ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾಳೆ. ಕಣ್ಣು ತೋರಿಸಿಲ್ಲ. ಏನಾದರೂ ಆಗಿಬಿಟ್ಟಿದೆಯಾ?

ಚರ್ಮವೈದ್ಯೆ ಮಲೆನಾಡು

ಗಾಬರಿ ಬೇಡ. 62 ಕೆಜಿಗೆ ಮಿತಿ ದಿನಕ್ಕೆ 310, ಅವರು 400 ತೆಗೆದುಕೊಳ್ಳುತ್ತಿದ್ದಾರೆ. ಎರಡೇ ವರ್ಷದಲ್ಲಿ ಕಣ್ಣು ಹಾಳಾಗುವುದು ಅಪರೂಪ, ಆದರೆ ಇದನ್ನು ಹೀಗೇ ಮುಂದುವರಿಸಬಾರದು. ಈ ವಾರ ನಿಮ್ಮ ಡಾಕ್ಟರ್‌ಗೆ ತೂಕ ಹೇಳಿ ಡೋಸ್ ಲೆಕ್ಕ ಮಾಡಿಸಿ. ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ "ಈ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ರೆಟಿನಾ ನೋಡಬೇಕು" ಅಂತ ಮಾತ್ರೆಯ ಹೆಸರು ಹೇಳಿಯೇ ಕೇಳಿ, ಇಲ್ಲದಿದ್ದರೆ ಕನ್ನಡಕದ ನಂಬರ್ ನೋಡಿ ಕಳಿಸಿಬಿಡುತ್ತಾರೆ. ಅದಕ್ಕೆ ಓಸಿಟಿ ಸ್ಕ್ಯಾನ್ ಮತ್ತು ವಿಷುವಲ್ ಫೀಲ್ಡ್ ಅಂತ ಪರೀಕ್ಷೆಗಳಿವೆ.

ಸಾಮಾನ್ಯ ಪದ್ಧತಿ ಏನೆಂದರೆ ಮಾತ್ರೆ ಶುರು ಮಾಡಿದ ಮೊದಲ ವರ್ಷದೊಳಗೆ ಒಂದು ಸಲ ಕಣ್ಣಿನ ತಪಾಸಣೆ, ಐದು ವರ್ಷ ಆದ ಮೇಲೆ ಪ್ರತಿ ವರ್ಷ. ಕಿಡ್ನಿ ತೊಂದರೆ ಇರುವವರಿಗೆ, ಟಾಮೋಕ್ಸಿಫೆನ್ ತೆಗೆದುಕೊಳ್ಳುವವರಿಗೆ, ಮೊದಲೇ ರೆಟಿನಾ ತೊಂದರೆ ಇರುವವರಿಗೆ ಇನ್ನೂ ಮುಂಚೆಯೇ ಪ್ರತಿ ವರ್ಷ ಬೇಕು. ಮಿತಿಯ ಒಳಗೆ ತೆಗೆದುಕೊಂಡರೆ ಮೊದಲ ಐದು ವರ್ಷದಲ್ಲಿ ಕಣ್ಣಿಗೆ ತೊಂದರೆ ಆಗುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಸುಮಾ, ಇದನ್ನು ನಿಮ್ಮ ದೊಡ್ಡಮ್ಮನಿಗೆ ಹೇಳಿ. ಅವರ ಭಯಕ್ಕೆ ಕಾರಣ ಇಲ್ಲದಿಲ್ಲ, ಆದರೆ ಆ ಭಯಕ್ಕೆ ಪರಿಹಾರ ಕಣ್ಣಿನ ತಪಾಸಣೆ, ಮಾತ್ರೆ ನಿಲ್ಲಿಸುವುದಲ್ಲ.

ಇನ್ನೊಂದು ವಿಷಯ ಕೇಳಬೇಕು ಅಂದುಕೊಂಡಿದ್ದೆ. ಅಮ್ಮ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ ಅಂದಿರಿ. ಮಧ್ಯೆ ಮಧ್ಯೆ ಸುಸ್ತು, ಬೆವರು, ಕೈ ನಡುಕ ಬರುತ್ತದಾ?

ಸುಮಾ ಹಾಸನ

ಹೌದು! ಒಂದೆರಡು ತಿಂಗಳಿಂದ ಬೆಳಿಗ್ಗೆ ಹನ್ನೊಂದು ಹನ್ನೆರಡರ ಹೊತ್ತಿಗೆ ಬೆವರುತ್ತಾರೆ, ಏನಾದರೂ ತಿಂದರೆ ಸರಿಹೋಗುತ್ತದೆ. ವಯಸ್ಸಿನದ್ದು ಅಂದುಕೊಂಡಿದ್ದೆವು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಚರ್ಮವೈದ್ಯೆ ಮಲೆನಾಡು

ಇರಬಹುದು. ಹೈಡ್ರಾಕ್ಸಿಕ್ಲೋರೋಕ್ವಿನ್ ತಾನೂ ಸ್ವಲ್ಪ ಸಕ್ಕರೆ ಇಳಿಸುತ್ತದೆ. ಗ್ಲಿಮೆಪಿರೈಡ್ ಜೊತೆ ಸೇರಿದಾಗ ಸಕ್ಕರೆ ತೀರಾ ಕೆಳಗೆ ಹೋಗುವ ಸಾಧ್ಯತೆ ಇದೆ. ಹಾಗೆ ಬೆವರಿದಾಗ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಸಕ್ಕರೆ ಕಾಯಿಲೆಯ ಡಾಕ್ಟರ್‌ಗೆ ನಾಳೆಯೇ ತಿಳಿಸಿ, ಅವರು ಗ್ಲಿಮೆಪಿರೈಡ್ ಡೋಸ್ ಕಡಿಮೆ ಮಾಡಬಹುದು. ಇದನ್ನು ಮುಂದೂಡಬೇಡಿ.

ಶಶಿಕಲಾ ತುಮಕೂರು

ನನ್ನದೊಂದು ಪ್ರಶ್ನೆ ಡಾಕ್ಟರ್. ನನಗೆ ಬಯಾಪ್ಸಿ ಮಾಡಿದಾಗ "ಗಾಯದ ಕಲೆ ಮಾತ್ರ ಇದೆ, ಕಾರಣ ಹೇಳಲಾಗದು" ಅಂತ ರಿಪೋರ್ಟ್ ಬಂತು. ಮತ್ತೆ ಮಾಡಿಸಬೇಕು ಅನ್ನುತ್ತಿದ್ದಾರೆ. ಒಂದು ಸಲ ಹೊಲಿಗೆ ಹಾಕಿಸಿಕೊಂಡದ್ದೇ ಸಾಕಾಗಿದೆ. ಬೇಕೇ ಬೇಕಾ?

ಲ್ಯಾಬ್ ಮಂಜುನಾಥ

ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಸ್ಲೈಡ್ ತಯಾರು ಮಾಡುವವನು, ಡಾಕ್ಟರ್ ಅಲ್ಲ. ಮೇಡಂ, ನಿಮ್ಮ ಚೂರು ಎಲ್ಲಿಂದ ತೆಗೆದರು? ಬೋಳಿನ ಮಧ್ಯದಿಂದ ತೆಗೆದರೆ ಇಂಥ ರಿಪೋರ್ಟೇ ಬರುವುದು. ಅಲ್ಲಿ ಎಲ್ಲ ಮುಗಿದುಹೋಗಿರುತ್ತದೆ, ನಮಗೆ ಕಾಣುವುದು ಬರೀ ನಾರು. ಅಂಚಿನಿಂದ, ಕೂದಲು ಇನ್ನೂ ಇರುವ, ಬುಡದಲ್ಲಿ ಹೊಟ್ಟು ಕೆಂಪು ಇರುವ ಜಾಗದಿಂದ 4 ಮಿಲಿಮೀಟರ್ ಪಂಚ್‌ನಲ್ಲಿ ಆಳವಾಗಿ ತೆಗೆದರೆ ಕೊಳವೆಯ ಸುತ್ತ ಕಣಗಳು ಮುತ್ತಿಕೊಂಡಿರುವುದು ಕಾಣುತ್ತದೆ. ಇನ್ನೂ ಒಂದು, ನಾವು ಚೂರನ್ನು ಉದ್ದಕ್ಕೆ ಕೊಯ್ದರೆ ಒಂದೆರಡು ಕೂದಲ ಬುಡ ಸಿಗುತ್ತದೆ, ಅಡ್ಡಕ್ಕೆ ಕೊಯ್ದರೆ ಆ ಚೂರಿನಲ್ಲಿರುವ ಎಲ್ಲ ಬುಡಗಳೂ ಒಟ್ಟಿಗೆ ಕಾಣುತ್ತವೆ. ಚೀಟಿಯಲ್ಲಿ "ತಲೆಚರ್ಮ, ಕೂದಲು ಉದುರುವಿಕೆ" ಅಂತ ಬರೆದು ಕಳಿಸಿದರೆ ನಾವು ಅಡ್ಡಕ್ಕೆ ಕೊಯ್ಯುತ್ತೇವೆ. ಸುಮ್ನೆ "ಸ್ಕಿನ್ ಬಯಾಪ್ಸಿ" ಅಂತ ಬಂದರೆ ಯಾರಿಗೆ ಗೊತ್ತಾಗಬೇಕು.

ಚರ್ಮವೈದ್ಯೆ ಮಲೆನಾಡು

ಮಂಜುನಾಥ ಹೇಳಿದ್ದು ನೂರಕ್ಕೆ ನೂರು ಸರಿ. ಶಶಿಕಲಾ ಅವರೇ, ನಿಮ್ಮ ಡಾಕ್ಟರ್ ಮತ್ತೆ ಕೇಳುತ್ತಿದ್ದಾರೆ ಅಂದರೆ ಇನ್ನೂ ಚುರುಕಾಗಿರುವ ಜಾಗ ಎಲ್ಲೋ ಕಂಡಿರಬೇಕು. ಮಾಡಿಸಿಕೊಳ್ಳಿ. ಡಿಸ್ಕಾಯ್ಡ್ ಲೂಪಸ್ ಅನ್ನುವ ಇನ್ನೊಂದು ಕಾಯಿಲೆಯೂ ತಲೆಯಲ್ಲಿ ಹೀಗೇ ಕಲೆ ಮಾಡುತ್ತದೆ, ಅದಾದರೆ ರಕ್ತಪರೀಕ್ಷೆ ಬೇರೆ, ಬಿಸಿಲಿನ ಜಾಗ್ರತೆ ಬೇರೆ. ಜೊತೆಗೆ ಕೆನ್ನೆಯ ಒಳಗೆ ಬಿಳಿ ಜಾಲರಿಯ ಹಾಗೆ ಗೆರೆಗಳಿವೆಯಾ, ಖಾರ ತಿಂದರೆ ಉರಿಯುತ್ತದಾ, ಉಗುರಿನಲ್ಲಿ ಉದ್ದ ಗೀರುಗಳಿವೆಯಾ ನೋಡಿಕೊಂಡು ಡಾಕ್ಟರ್‌ಗೆ ಹೇಳಿ. ಕೆಲವರಿಗೆ ಇದೇ ಲೈಕೆನ್ ಬಾಯಲ್ಲೂ ಉಗುರಲ್ಲೂ ಇರುತ್ತದೆ, ಅದು ಸಿಕ್ಕರೆ ತಲೆಯ ಕಾಯಿಲೆ ಯಾವುದು ಅನ್ನುವುದಕ್ಕೂ ದಾರಿ ಸಿಗುತ್ತದೆ.

ಗಿರಿಜಮ್ಮ ಬಾಗಲಕೋಟೆ

ಈರುಳ್ಳಿ ರಸ ಹಚ್ಚಿ ನೋಡ್ರಿ ತಂಗಿ. ನಮ್ಮ ಓಣಿಯಾಗ ಒಬ್ಬಾಕಿಗೆ ಕೂದಲು ಭಾಳ ಛಲೋ ಬಂದಾವು.

ಪದ್ಮಿನಿ ಶಿವಮೊಗ್ಗ

ಗಿರಿಜಮ್ಮ, ನಿಮ್ಮ ಒಳ್ಳೆಯ ಮನಸ್ಸು ಅರ್ಥವಾಗುತ್ತದೆ. ಆದರೆ ಮೊದಲೇ ಉರಿಯುವ ಚರ್ಮಕ್ಕೆ ಈರುಳ್ಳಿ, ನಿಂಬೆಹಣ್ಣು ಹಚ್ಚಿದರೆ ಪ್ರಾಣ ಹೋದ ಹಾಗೆ ಆಗುತ್ತದೆ. ನಾನು ಮೆಹಂದಿ ಜೊತೆ ಕಪ್ಪು ಹೇರ್ ಡೈ ಹಾಕಿಕೊಂಡಾಗಲೂ ಉರಿ ಎದ್ದಿತ್ತು, ಡಾಕ್ಟರ್ ಆ ಡೈ ಬಿಡಿಸಿದರು. ತಣ್ಣಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಬಹುದು ಅಂದರು, ಬಿಸಿ ಎಣ್ಣೆ ಹಾಕಿ ಉಜ್ಜುವುದು ಬೇಡ ಅಂದರು.

ಪ್ರಶಾಂತ್ ಮಸ್ಕತ್

ನನಗೆ 41. ನೆತ್ತಿಯ ಹಿಂದೆ ಇದೇ ಕಾಯಿಲೆ, ಬಯಾಪ್ಸಿಯಲ್ಲಿ ಖಚಿತ ಆಗಿದೆ. ರಜೆಗೆ ಊರಿಗೆ ಬಂದಾಗ ಕೂದಲು ಕಸಿ ಮಾಡಿಸಿಕೊಳ್ಳೋಣ ಅಂತ ಒಂದು ಕಸಿ ಸೆಂಟರ್‌ಗೆ ಹೋದೆ. ಅವರು ಎರಡು ಸಾವಿರ ಗ್ರಾಫ್ಟ್ ಹಾಕೋಣ, ಮುಂದಿನ ವಾರವೇ ಬನ್ನಿ ಅಂದರು. ನನಗೆ ಇನ್ನೂ ನವೆ ಇದೆ. ಮಾಡಿಸಬಹುದಾ?

ಚರ್ಮವೈದ್ಯೆ ಮಲೆನಾಡು

ಬೇಡ ಪ್ರಶಾಂತ್. ನವೆ ಇದೆ ಅಂದರೆ ಕಾಯಿಲೆ ಇನ್ನೂ ಚುರುಕಾಗಿದೆ. ಈಗ ನೆಟ್ಟ ಕೂದಲ ಬುಡಗಳ ಮೇಲೂ ಅದೇ ದಾಳಿ ಆಗುತ್ತದೆ, ಜೊತೆಗೆ ಕಸಿಯ ಗಾಯದಿಂದಲೇ ಕಾಯಿಲೆ ಕೆರಳಬಹುದು. ಕಡಿಮೆ ಅಂದರೂ ಒಂದೆರಡು ವರ್ಷ ಏನೂ ಗುರುತಿಲ್ಲದೆ ಶಾಂತವಾಗಿರಬೇಕು, ಆಮೇಲೂ ಮೊದಲು ಸಣ್ಣ ಜಾಗದಲ್ಲಿ ನೆಟ್ಟು ಕಾದು ನೋಡುವುದು ಒಳ್ಳೆಯದು. ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ವರ್ಷಗಳ ನಂತರ ನೆಟ್ಟ ಕೂದಲು ಹೋಗುತ್ತದೆ. ಈಗ ನಿಮ್ಮ ಖರ್ಚು ಕಾಯಿಲೆ ನಿಲ್ಲಿಸುವುದಕ್ಕೆ ಹೋಗಲಿ.

ಕಿರಣ್ ಬೆಂಗಳೂರು

ಒಂದು ಕುತೂಹಲ. ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಜೋನ್ ಈ ಕಾಯಿಲೆಗೂ ಕೆಲಸ ಮಾಡುತ್ತದೆ ಅಂತ ಓದಿದೆ. ಸುಮಾ ಅವರ ಅಮ್ಮನಿಗೆ ಸಕ್ಕರೆ ಕಾಯಿಲೆಯೂ ಇದೆ. ಒಂದೇ ಮಾತ್ರೆಯಲ್ಲಿ ಎರಡೂ ಆಗುತ್ತದಲ್ವಾ?

ಚರ್ಮವೈದ್ಯೆ ಮಲೆನಾಡು

ಒಳ್ಳೆಯ ಪ್ರಶ್ನೆ. 2009ರಲ್ಲಿ ಅಮೆರಿಕದ ಸಂಶೋಧಕರು ಈ ರೋಗಿಗಳ ತಲೆಚರ್ಮದಲ್ಲಿ ಪಿಪಿಎಆರ್ ಗಾಮಾ ಅನ್ನುವ ಒಂದು ಪ್ರೋಟೀನ್ ಕೆಲಸ ಕಡಿಮೆಯಾಗಿದೆ ಅಂತ ತೋರಿಸಿದರು. ಕೂದಲ ಪಕ್ಕದ ಎಣ್ಣೆ ಗ್ರಂಥಿ ಚೆನ್ನಾಗಿರಲು ಅದು ಬೇಕು. ಪಯೋಗ್ಲಿಟಜೋನ್ ಅದೇ ಪ್ರೋಟೀನ್ ಅನ್ನು ಚುರುಕು ಮಾಡುವ ಮಾತ್ರೆ, ಹಾಗಾಗಿ ಪ್ರಯತ್ನಿಸಿದರು. ಕೆಲವರಿಗೆ ಚೆನ್ನಾಗಿ ಹಿಡಿಯಿತು, ಕೆಲವರಿಗೆ ಏನೂ ಆಗಲಿಲ್ಲ. ನಾನು ಕೊಟ್ಟವರಲ್ಲೂ ಹಾಗೇ. ಕಾಲು ಊದುವುದು, ತೂಕ ಏರುವುದು, ಹೆಂಗಸರಲ್ಲಿ ಮೂಳೆ ಮುರಿಯುವ ಸಾಧ್ಯತೆ ಹೆಚ್ಚುವುದು, ಇವೆಲ್ಲ ಇವೆ. ಹೃದಯ ವೈಫಲ್ಯ ಇರುವವರಿಗೆ ಕೊಡಲೇಬಾರದು. ಮೂತ್ರಕೋಶದ ಕ್ಯಾನ್ಸರ್ ಭಯದಿಂದ 2013ರಲ್ಲಿ ನಮ್ಮ ದೇಶದಲ್ಲಿ ಇದನ್ನು ಸ್ವಲ್ಪ ದಿನ ನಿಲ್ಲಿಸಿ, ಆಮೇಲೆ ಎಚ್ಚರಿಕೆ ಹಾಕಿ ಮತ್ತೆ ಬಿಟ್ಟರು. ನನ್ನ ಮಟ್ಟಿಗೆ ಇದು ಮೊದಲ ಆಯ್ಕೆ ಅಲ್ಲ. ಬೇರೆ ಡಾಕ್ಟರ್‌ಗಳು ಇದನ್ನು ನನಗಿಂತ ಜಾಸ್ತಿ ನಂಬುತ್ತಾರೆ.

ಸುಮಾ ಹಾಸನ

ಎಲ್ಲರಿಗೂ ಬಂದು ತಿಳಿಸೋಣ ಅನ್ನಿಸಿತು. ಪದ್ಮಿನಿ ಅಕ್ಕ ಹೇಳಿದ ಹಾಗೆ ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆದೆವು. ಮುಂದಿನ ಅಂಚು ಮತ್ತು ಬಲಗಡೆ ಅಂಚು ಶುಭ್ರವಾಗಿದೆ, ಕೂದಲ ಬುಡ ಮಾಮೂಲಿ ಚರ್ಮದ ಹಾಗೇ ಇದೆ. ಆದರೆ ಎಡಗಡೆ ಹಿಂದೆ ಒಂದು ಕಡೆ ಹತ್ತು ಹನ್ನೆರಡು ಕೂದಲಿಗೆ ಡಾಕ್ಟರ್ ಹೇಳಿದ ಬಿಳಿ ಕೊರಳಪಟ್ಟಿ ಸ್ಪಷ್ಟವಾಗಿ ಕಂಡಿತು. ಅಮ್ಮ ಕೈಯಿಟ್ಟು ತೋರಿಸಿದ್ದೂ ಅದೇ ಜಾಗ, ಉಳಿದಿರುವ ನವೆ ಎಲ್ಲ ಅಲ್ಲೇ.

ಫೋಟೊ ತೆಗೆದುಕೊಂಡು ನಮ್ಮ ಡಾಕ್ಟರ್ ಹತ್ತಿರ ಹೋದೆವು. ಅವರು ಲೆನ್ಸ್‌ನಲ್ಲಿ ನೋಡಿ, ಕೂದಲು ಎಳೆದು ನೋಡಿ, ಮೂರು ಕಡೆ ನಿಂತಿದೆ, ಈ ಒಂದು ಕಡೆ ಇನ್ನೂ ನಡೆಯುತ್ತಿದೆ ಅಂದರು. ಆರು ತಿಂಗಳ ಹಿಂದಿನ ಅವರ ಅಳತೆಗೂ ಈಗಿನದಕ್ಕೂ ಬಲಗಡೆ ವ್ಯತ್ಯಾಸ ಇಲ್ಲ, ಎಡಗಡೆ ಸುಮಾರು ಅರ್ಧ ಸೆಂಟಿಮೀಟರ್ ಮುಂದೆ ಹೋಗಿದೆ. ಮಾತ್ರೆ ಹಾಗೇ ಮುಂದುವರಿಸಲು ಹೇಳಿದರು, ಅದರ ಪೂರ್ತಿ ಗುಣ ಕಾಣಲು ಇನ್ನೂ ಕೆಲವು ತಿಂಗಳು ಬೇಕಂತೆ. ಆ ಒಂದು ಅಂಚಿಗೆ ಮಾತ್ರ ಟ್ರಯಾಮ್ಸಿನೋಲೋನ್ ಅನ್ನುವ ಸ್ಟೀರಾಯ್ಡ್, 5 ಮಿ.ಗ್ರಾಂ ಪ್ರತಿ ಮಿ.ಲೀ.ನದ್ದು, ಸಣ್ಣ ಸಣ್ಣ ಚುಚ್ಚು ಕೊಟ್ಟರು. ಮತ್ತೆ ಆರು ವಾರಕ್ಕೆ ಬರಲು ಹೇಳಿದ್ದಾರೆ. ಒಂದು ವಾರ ದಿನಕ್ಕೆ ಎರಡು ಸಲ ಸಕ್ಕರೆ ನೋಡಿ ಬರೆದಿಡಬೇಕು. ಲೋಷನ್ ಅನ್ನು ಸರಿಹೋದ ಕಡೆ ವಾರಕ್ಕೆ ಮೂರು ದಿನ ಮಾತ್ರ ಮಾಡಿದರು, ಚರ್ಮ ತೆಳುವಾಗಬಾರದು ಅಂತ.

ಸಕ್ಕರೆಯದ್ದೂ ನಿಜವಾಗಿತ್ತು. ಬೆವರಿದಾಗ ನೋಡಿದರೆ 61. ಗ್ಲಿಮೆಪಿರೈಡ್ ಅರ್ಧಕ್ಕೆ ಇಳಿಸಿದ್ದಾರೆ. ಕಣ್ಣಿನ ತಪಾಸಣೆಗೆ ಮುಂದಿನ ತಿಂಗಳು ದಿನ ಸಿಕ್ಕಿದೆ.

ಅಮ್ಮ ನಿಲ್ಲಿಸುವ ಮಾತು ಬಿಟ್ಟಿದ್ದಾರೆ. ದೊಡ್ಡಮ್ಮ ಇನ್ನೂ ಒಪ್ಪಿಲ್ಲ. ಎಷ್ಟು ವರ್ಷ ತೆಗೆದುಕೊಳ್ಳಬೇಕಾಗಬಹುದು?

ಪದ್ಮಿನಿ ಶಿವಮೊಗ್ಗ

ನಂದು ಎರಡು ವರ್ಷ ಶಾಂತವಾಗಿದ್ದ ಮೇಲೆ ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದರು. ಒಂದು ವರ್ಷದೊಳಗೆ ಇನ್ನೊಂದು ಕಡೆ ಉರಿ ಶುರುವಾಯಿತು, ಮತ್ತೆ ಶುರು ಮಾಡಿದೆವು. ಫೋಟೊ ಅಭ್ಯಾಸ ಇದ್ದದ್ದರಿಂದ ಬೇಗ ಗೊತ್ತಾಯಿತು, ಜಾಸ್ತಿ ಕೂದಲು ಹೋಗಲಿಲ್ಲ. ನನ್ನ ಅನುಭವದಲ್ಲಿ ಕಡಿಮೆ ಡೋಸ್‌ನಲ್ಲಾದರೂ ಮುಂದುವರಿಸುವುದೇ ವಾಸಿ.

ಚರ್ಮವೈದ್ಯೆ ಮಲೆನಾಡು

ಇದರಲ್ಲಿ ಡಾಕ್ಟರ್‌ಗಳಲ್ಲೇ ಒಮ್ಮತ ಇಲ್ಲ. ನಾನು ಅಂಚು ಪೂರ್ತಿ ಶಾಂತವಾಗಿ ಒಂದು ವರ್ಷ ಆದ ಮೇಲೆ ಇಳಿಸಲು ಶುರು ಮಾಡುತ್ತೇನೆ, ಕೆಲವರಿಗೆ ಅಲ್ಲಿಗೆ ಮುಗಿಯುತ್ತದೆ, ಪದ್ಮಿನಿ ಅವರಂಥ ಕೆಲವರಿಗೆ ಮರಳುತ್ತದೆ. ಯಾರಿಗೆ ಮರಳುತ್ತದೆ ಅಂತ ಮೊದಲೇ ಹೇಳುವ ಪರೀಕ್ಷೆ ಇಲ್ಲ. ಆರು ತಿಂಗಳಾದ ಮೇಲೂ ಆ ಎಡ ಅಂಚು ಸರಿಯುತ್ತಲೇ ಇದ್ದರೆ ಕಾಯುತ್ತಾ ಕೂರಬೇಡಿ. ಡಾಕ್ಸಿಸೈಕ್ಲಿನ್, ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ಅಂತ ಮುಂದಿನ ಮೆಟ್ಟಿಲುಗಳಿವೆ, ಅಮ್ಮನ ಸಕ್ಕರೆ, ಲಿವರ್, ಕಿಡ್ನಿ ನೋಡಿಕೊಂಡು ನಿಮ್ಮ ಡಾಕ್ಟರ್ ಆಯ್ಕೆ ಮಾಡುತ್ತಾರೆ. ಆರು ವಾರದ ಭೇಟಿಗೆ ಹೋಗುವ ಹಿಂದಿನ ದಿನ ಲೋಷನ್, ಎಣ್ಣೆ ಏನೂ ಹಚ್ಚಬೇಡಿ, ಹಚ್ಚಿದರೆ ಹೊಟ್ಟು ಕಾಣುವುದಿಲ್ಲ.

ನಾಗರಾಜ್ ಹುಬ್ಬಳ್ಳಿ

ಮೇಡಂ, ಮನೆಯವಳ ಡೋಸ್ ಲೆಕ್ಕ ಮಾಡಿಸಿದೆ. ಒಂದು ದಿನ ಒಂದು, ಮರುದಿನ ಎರಡು ಅಂತ ಬದಲಾಯಿಸಿಕೊಟ್ಟರು. ಓಸಿಟಿ ಸ್ಕ್ಯಾನ್ ಆಯಿತು, ರೆಟಿನಾ ಚೆನ್ನಾಗಿದೆ ಅಂದರು. ಈಗ ಅವಳ ತಲೆಯ ಫೋಟೊ ತೆಗೆಯಬೇಕು, ಟೇಪ್ ಇಡುವುದನ್ನು ಪದ್ಮಿನಿ ಅಕ್ಕ ಇನ್ನೊಂದು ಸಲ ಬಿಡಿಸಿ ಹೇಳುತ್ತೀರಾ? ಅವಳಿಗೆ ಬೋಳು ಒಂದೇ ಕಡೆ ಇಲ್ಲ, ಮೂರು ನಾಲ್ಕು ಕಡೆ ಚಿಕ್ಕ ಚಿಕ್ಕದಾಗಿ ಇದೆ.

ಪದ್ಮಿನಿ ಶಿವಮೊಗ್ಗ

ಹೇಳುತ್ತೇನೆ ನಾಗರಾಜ್. ಹಾಗಿದ್ದರೆ ಎಲ್ಲವನ್ನೂ ಅಳೆಯಲು ಹೋಗಬೇಡಿ. ನವೆ ಜಾಸ್ತಿ ಇರುವ ಒಂದು, ದೊಡ್ಡದು ಒಂದು ಆರಿಸಿಕೊಳ್ಳಿ. ಎರಡಕ್ಕೂ ಅಡ್ಡ ಎಷ್ಟು ಉದ್ದ ಎಷ್ಟು ಬರೆದಿಡಿ, ಉಳಿದವಕ್ಕೆ ಫೋಟೊ ಸಾಕು. ಫೋಟೊದ ಜೊತೆ ತಾರೀಖು ಮತ್ತು ಆ ವಾರ ನವೆ ಎಷ್ಟಿತ್ತು ಅನ್ನುವುದನ್ನೂ ಬರೆದಿಡಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ.